ಕವಲುಳ್ಳ ಆಲ್ಕೇನ್‌ಗಳಿಗೆ ಹೆಸರಿಡುವ ಕ್ರಮ: ಎಣಿಕೆ ಯಾವ ತುದಿಯಿಂದ, ಅಕ್ಷರಕ್ರಮ ಯಾವ ಭಾಷೆಯದು?

ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನವಿಜ್ಞಾನ ಕಲಿಸುವ ನಾನು ಪ್ರಥಮ ಪಿಯುಸಿಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಒಂದು ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪಾವಗಡ, ಮಧುಗಿರಿ, ಕೊರಟಗೆರೆಯ ಕಡೆಯಿಂದ ಬಂದು, ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ, ಲೆಕ್ಕದಲ್ಲಿ ಚುರುಕಾಗಿರುವ ವಿದ್ಯಾರ್ಥಿಗಳೇ ಈ ತಪ್ಪನ್ನು ಮಾಡುತ್ತಾರೆ. ಅವರು ಉದ್ದನೆಯ ಸರಪಳಿಯನ್ನು ಸರಿಯಾಗಿ ಗುರುತಿಸುತ್ತಾರೆ, ಕವಲುಗಳನ್ನೂ ಸರಿಯಾಗಿ ಹೆಸರಿಸುತ್ತಾರೆ, ಆದರೆ ಕೊನೆಯಲ್ಲಿ ಮೀಥೈಲ್ ಎಂಬುದಕ್ಕಿಂತ ಮೊದಲು ಪ್ರೊಪೈಲ್ ಎಂದು ಬರೆಯುತ್ತಾರೆ. ಏಕೆಂದು ಕೇಳಿದರೆ, "ಸಾರ್, ಅಕ್ಷರಮಾಲೆಯಲ್ಲಿ ಪ ಮೊದಲು ಬರುತ್ತದೆ, ಮ ಆಮೇಲೆ ಬರುತ್ತದೆ" ಎನ್ನುತ್ತಾರೆ. ಅವರು ಹೇಳುವ ನಿಯಮ ಸರಿ, ಹಿಡಿದ ಅಕ್ಷರಮಾಲೆ ಬೇರೆ. ಈ ಬರಹದಲ್ಲಿ ಎರಡಕ್ಕಿಂತ ಹೆಚ್ಚು ಕವಲುಗಳಿರುವ ಒಂದು ಆಲ್ಕೇನನ್ನು ಮುಂದಿಟ್ಟುಕೊಂಡು, ಎಣಿಕೆ ಮತ್ತು ಅಕ್ಷರಕ್ರಮ ಎಂಬ ಎರಡು ತೀರ್ಮಾನಗಳನ್ನು ಯಾವ ಅನುಕ್ರಮದಲ್ಲಿ ಕೈಗೊಳ್ಳಬೇಕೆಂಬುದನ್ನು ವಿವರಿಸುತ್ತೇನೆ. ಕವಲಿಲ್ಲದ ಆಲ್ಕೇನ್‌ಗಳ ಹೆಸರುಗಳು, ಅಂದರೆ ಮೀಥೇನ್‌ನಿಂದ ಡೆಕೇನ್‌ವರೆಗಿನ ಪಟ್ಟಿ, ಓದುಗರಿಗೆ ತಿಳಿದಿದೆ ಎಂದು ಭಾವಿಸಿದ್ದೇನೆ.

ನಾವು ಹೆಸರಿಡಬೇಕಾದ ಅಣು ಇದು:

```
CH3-CH-CH2-CH---CH-CH2-CH2-CH2-CH3
    |      |    |
    CH3    CH2  CH2-CH2-CH-CH3
           |            |
           CH3          CH3
```

ಇದರಲ್ಲಿ 17 ಕಾರ್ಬನ್‌ಗಳೂ 36 ಹೈಡ್ರೋಜನ್‌ಗಳೂ ಇವೆ. ಮುಂದೆ ಓದುವ ಮೊದಲು ಒಂದು ಹಾಳೆಯ ಮೇಲೆ ಇದನ್ನು ನಕಲು ಮಾಡಿಕೊಂಡು, ನಿಮಗೆ ತೋಚಿದ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಮೊದಲ ಹಂತ: ಮುಖ್ಯ ಸರಪಳಿಯನ್ನು ಆರಿಸುವುದು

ಬಿಡದೆ ಒಂದರ ನಂತರ ಒಂದಾಗಿ ಜೋಡಣೆಗೊಂಡ ಕಾರ್ಬನ್‌ಗಳ ಅತಿ ಉದ್ದನೆಯ ಸಾಲೇ ಮುಖ್ಯ ಸರಪಳಿ. ಅದು ಚಿತ್ರದಲ್ಲಿ ನೇರವಾಗಿಯೇ ಇರಬೇಕಾಗಿಲ್ಲ. ಪ್ರಶ್ನೆ ಬರೆಯುವವರು ಉದ್ದನೆಯ ಸರಪಳಿಯನ್ನು ಬಾಗಿಸಿ, ಗಿಡ್ಡ ಸಾಲನ್ನು ನೇರವಾಗಿ ಬರೆಯುವುದುಂಟು. ಆದ್ದರಿಂದ ಕಣ್ಣಿಗೆ ಅಡ್ಡಲಾಗಿ ಕಾಣುವ ಸಾಲನ್ನು ನಂಬದೆ, ಕವಲೊಡೆಯುವ ಪ್ರತಿ ಕಾರ್ಬನ್ನಿನ ಬಳಿ ನಿಂತು, ಅಲ್ಲಿಂದ ಹೊರಡುವ ದಾರಿಗಳು ಎಷ್ಟೆಷ್ಟು ಉದ್ದವಿವೆ ಎಂದು ಎಣಿಸಬೇಕು.

ನಮ್ಮ ಅಣುವಿನಲ್ಲಿ ನಡುವಿನ ಕಾರ್ಬನ್, ಅಂದರೆ ಅಡ್ಡಸಾಲಿನ ಐದನೆಯದು, ಮೂರು ದಾರಿಗಳ ಕೂಡಲಾಗಿದೆ. ಎಡಕ್ಕೆ ಹೋದರೆ ನಾಲ್ಕು ಕಾರ್ಬನ್, ಬಲಕ್ಕೆ ಹೋದರೆ ನಾಲ್ಕು ಕಾರ್ಬನ್, ಕೆಳಗಿಳಿದು ಹೋದರೂ ನಾಲ್ಕೇ ಕಾರ್ಬನ್. ಯಾವ ಎರಡು ದಾರಿಗಳನ್ನು ಕೂಡಿಸಿದರೂ ನಡುವಿನದೂ ಸೇರಿ ಒಂಬತ್ತು ಕಾರ್ಬನ್‌ಗಳ ಸರಪಳಿ ಸಿಗುತ್ತದೆ, ಅಂದರೆ ಮೂರು ನೋನೇನ್‌ಗಳು ಸಮಬಲವಾಗಿ ನಿಂತಿವೆ. ಉದ್ದದಿಂದ ತೀರ್ಮಾನವಾಗದಿದ್ದಾಗ, ಯಾವ ಸರಪಳಿಯ ಮೇಲೆ ಹೆಚ್ಚು ಕವಲುಗಳು ಕೂರುತ್ತವೆಯೋ ಅದನ್ನು ಆರಿಸಬೇಕು.

ಎಡದ ದಾರಿಯನ್ನೂ ಬಲದ ದಾರಿಯನ್ನೂ ಕೂಡಿಸಿದರೆ, ಅಂದರೆ ಚಿತ್ರದ ನೇರ ಸಾಲನ್ನೇ ಹಿಡಿದರೆ, ಅದರ ಮೇಲೆ ಒಂದು ಮೀಥೈಲ್, ಒಂದು ಈಥೈಲ್ ಮತ್ತು ಕೆಳಗಿನ ಐದು ಕಾರ್ಬನ್‌ಗಳ ದೊಡ್ಡ ಕವಲು, ಹೀಗೆ ಮೂರು ಗುಂಪುಗಳಿರುತ್ತವೆ. ಎಡದ ದಾರಿಯನ್ನೂ ಕೆಳಗಿನ ದಾರಿಯನ್ನೂ ಕೂಡಿಸಿದರೆ, ಎರಡು ಮೀಥೈಲ್, ಒಂದು ಈಥೈಲ್ ಮತ್ತು ಬಲಕ್ಕೆ ಚಾಚಿರುವ ನೇರ ಬ್ಯುಟೈಲ್, ಹೀಗೆ ನಾಲ್ಕು ಗುಂಪುಗಳಾಗುತ್ತವೆ. ಬಲ ಮತ್ತು ಕೆಳಗಿನ ದಾರಿಗಳನ್ನು ಕೂಡಿಸಿದರೆ ಎರಡೇ ಗುಂಪುಗಳು. ಆದುದರಿಂದ ಎಡದಿಂದ ಬಂದು ನಡುವಿನಲ್ಲಿ ಕೆಳಕ್ಕೆ ತಿರುಗುವ ಸರಪಳಿಯೇ ಮುಖ್ಯ ಸರಪಳಿ. ಪೆನ್ಸಿಲ್ಲಿನಿಂದ ಅದರ ಸುತ್ತ ಒಂದು ಗೆರೆ ಎಳೆಯಿರಿ. ಆ ಗೆರೆಯ ಹೊರಗೆ ಉಳಿದುದೆಲ್ಲವೂ ಕವಲು.

ಈ ನಿಯಮಕ್ಕೆ ಒಂದು ಉಪಯೋಗವಿದೆ, ಅದನ್ನು ಕಂಡುಕೊಂಡವರಿಗೆ ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಹೆಚ್ಚು ಕವಲುಗಳಿರುವ ಸರಪಳಿಯನ್ನು ಆರಿಸಿದಾಗ ಪ್ರತಿ ಕವಲೂ ಚಿಕ್ಕದಾಗಿ, ಸರಳವಾಗಿ ಉಳಿಯುತ್ತದೆ. ನೇರ ಸಾಲನ್ನು ಹಿಡಿದಿದ್ದರೆ ಕೆಳಗಿನ ಕವಲಿಗೇ ಮತ್ತೊಂದು ಕವಲಿದ್ದು, ಅದಕ್ಕೆ ಆವರಣದೊಳಗೆ ಬೇರೆಯೇ ಎಣಿಕೆ ಬೇಕಾಗುತ್ತಿತ್ತು.

ಸರಪಳಿ ತಪ್ಪಿದೆಯೇ ಎಂದು ಹೆಸರನ್ನು ನೋಡಿಯೇ ಹೇಳುವ ಒಂದು ಉಪಾಯವನ್ನೂ ಇಲ್ಲಿಯೇ ತಿಳಿಸುತ್ತೇನೆ. ಎರಡನೆಯ ಕಾರ್ಬನ್ನಿನ ಮೇಲೆ ಈಥೈಲ್ ಇರಲು ಸಾಧ್ಯವಿಲ್ಲ, ಏಕೆಂದರೆ ಆ ಈಥೈಲ್‌ನ ಎರಡು ಕಾರ್ಬನ್‌ಗಳ ಮೂಲಕ ಹೋದರೆ ಸರಪಳಿ ಒಂದು ಕಾರ್ಬನ್ನಿನಷ್ಟು ಉದ್ದವಾಗುತ್ತದೆ. ಅದೇ ಕಾರಣದಿಂದ ಮೂರನೆಯದರ ಮೇಲೆ ಪ್ರೊಪೈಲ್, ನಾಲ್ಕನೆಯದರ ಮೇಲೆ ಬ್ಯುಟೈಲ್ ಇರಲಾರವು. 2-ಈಥೈಲ್ ಅಥವಾ 3-ಪ್ರೊಪೈಲ್ ಎಂಬ ತುಣುಕು ಆಲ್ಕೇನ್ ಒಂದರ ಹೆಸರಿನಲ್ಲಿ ಕಂಡರೆ, ಬೇರೇನನ್ನೂ ನೋಡದೆ ಸರಪಳಿಯನ್ನು ಮತ್ತೊಮ್ಮೆ ಹುಡುಕಬೇಕು.

ಎರಡನೆಯ ಹಂತ: ಯಾವ ತುದಿಯಿಂದ ಎಣಿಸಬೇಕು

ಇದು ಇಡೀ ಕೆಲಸದ ತಿರುಳು. ಇಲ್ಲಿ ಗುಂಪುಗಳ ಹೆಸರುಗಳನ್ನು ಸಂಪೂರ್ಣವಾಗಿ ಮರೆಯಬೇಕು. ಮೀಥೈಲ್ ಆಗಲಿ ಬ್ಯುಟೈಲ್ ಆಗಲಿ, ಈ ಹಂತದಲ್ಲಿ ಪ್ರತಿಯೊಂದೂ ಕೇವಲ ಒಂದು ಕವಲು. ನಾನು ತರಗತಿಯಲ್ಲಿ ಕವಲುಗಳನ್ನು ಅಳಿಸಿ, ಅವು ಇದ್ದ ಜಾಗದಲ್ಲಿ ಚುಕ್ಕಿ ಇಡಲು ಹೇಳುತ್ತೇನೆ.

ಸರಪಳಿಯನ್ನು ಎರಡೂ ತುದಿಗಳಿಂದ ಎಣಿಸಿ, ಚುಕ್ಕಿಗಳ ಸ್ಥಾನಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಎರಡು ಸಾಲುಗಳಾಗಿ ಬರೆಯಬೇಕು. ಒಂದೇ ಕಾರ್ಬನ್ನಿನ ಮೇಲೆ ಎರಡು ಕವಲುಗಳಿದ್ದರೆ ಆ ಸಂಖ್ಯೆಯನ್ನು ಎರಡು ಸಲ ಬರೆಯಬೇಕು. ನಂತರ ಎರಡೂ ಸಾಲುಗಳ ಮೊದಲನೆಯ ಸಂಖ್ಯೆಗಳನ್ನು ಹೋಲಿಸಬೇಕು, ಅವು ಸಮವಾಗಿದ್ದರೆ ಎರಡನೆಯದನ್ನು, ಅದೂ ಸಮವಾಗಿದ್ದರೆ ಮೂರನೆಯದನ್ನು. ಮೊದಲ ಬಾರಿಗೆ ವ್ಯತ್ಯಾಸ ಕಂಡ ಕಡೆ ಯಾವ ಸಾಲಿನಲ್ಲಿ ಚಿಕ್ಕ ಸಂಖ್ಯೆ ಇದೆಯೋ ಆ ಸಾಲು ಗೆಲ್ಲುತ್ತದೆ, ಅದರಾಚೆಗಿನ ಸಂಖ್ಯೆಗಳನ್ನು ನೋಡುವಂತಿಲ್ಲ.

ನಮ್ಮ ಅಣುವಿನಲ್ಲಿ ಚಿತ್ರದ ಎಡತುದಿಯಿಂದ ಎಣಿಸಿದರೆ ಮತ್ತು ಕೆಳಗಿನ ತುದಿಯಿಂದ ಎಣಿಸಿದರೆ ಹೀಗೆ ಬರುತ್ತದೆ:

```
2, 4, 5, 8
2, 5, 6, 8
```

ಮೊದಲ ಸಂಖ್ಯೆ ಎರಡರಲ್ಲೂ 2. ಎರಡನೆಯ ಕಡೆ 4 ಮತ್ತು 5 ಎದುರಾಗುತ್ತವೆ, 4 ಚಿಕ್ಕದು. ಎಡತುದಿಯಿಂದ ಎಣಿಸಬೇಕೆಂಬುದು ಅಲ್ಲಿಗೆ ಖಚಿತವಾಯಿತು.

ಇಲ್ಲಿ ಬಹಳ ಮಂದಿ ಸಂಖ್ಯೆಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆ ಬರುವ ಕಡೆಯಿಂದ ಎಣಿಸಬೇಕು ಎಂಬ ಮಾತು ಟ್ಯೂಷನ್‌ಗಳಲ್ಲಿಯೂ ಗೈಡ್‌ಗಳಲ್ಲಿಯೂ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದು ನಿಯಮವೇ ಅಲ್ಲ ಎಂದರೆ ಮಕ್ಕಳು ನಂಬುವುದಿಲ್ಲ. ಅದು ಉಳಿದುಕೊಂಡಿರುವುದಕ್ಕೂ ಕಾರಣವಿದೆ. ಒಂದು ಅಥವಾ ಎರಡೇ ಕವಲುಗಳಿರುವಾಗ ಮೊತ್ತದ ಲೆಕ್ಕ ಎಂದಿಗೂ ತಪ್ಪು ಉತ್ತರ ಕೊಡುವುದಿಲ್ಲ. ಎರಡು ಸಂಖ್ಯೆಗಳಿರುವಾಗ ಮೊದಲನೆಯದು ಚಿಕ್ಕದಾಗಿರುವ ಸಾಲಿನ ಮೊತ್ತವೂ ಚಿಕ್ಕದಾಗಿಯೇ ಇರುತ್ತದೆ, ಅದನ್ನು ಬೀಜಗಣಿತದಿಂದ ಯಾರು ಬೇಕಾದರೂ ತೋರಿಸಬಹುದು. ಹೀಗೆ ಸುಲಭದ ಪ್ರಶ್ನೆಗಳಲ್ಲೆಲ್ಲ ಸರಿಬಂದ ಲೆಕ್ಕವನ್ನು ವಿದ್ಯಾರ್ಥಿ ನಿಯಮವೆಂದೇ ನಂಬಿಬಿಡುತ್ತಾನೆ. ಮೂರನೆಯ ಕವಲು ಬಂದಾಗ ಅದು ಕೈಕೊಡುತ್ತದೆ. ಈ ಅಣುವನ್ನು ನೋಡಿ:

```
CH3-CH(CH3)-CH2-CH2-CH2-CH2-CH2-CH(CH3)-CH(CH3)-CH2-CH3
```

ಇದು ಹನ್ನೊಂದು ಕಾರ್ಬನ್‌ಗಳ ಸರಪಳಿ. ಎಡದಿಂದ ಎಣಿಸಿದರೆ 2, 8, 9 ಬರುತ್ತದೆ, ಬಲದಿಂದ ಎಣಿಸಿದರೆ 3, 4, 10 ಬರುತ್ತದೆ. ಮೊತ್ತಗಳು ಕ್ರಮವಾಗಿ 19 ಮತ್ತು 17. ಮೊತ್ತವನ್ನು ನಂಬಿದವರು ಬಲದಿಂದ ಎಣಿಸುತ್ತಾರೆ. ಆದರೆ ಮೊದಲ ವ್ಯತ್ಯಾಸ ಕಾಣುವುದು ಮೊದಲ ಸಂಖ್ಯೆಯಲ್ಲಿಯೇ, 2 ಎಂಬುದು 3ಕ್ಕಿಂತ ಚಿಕ್ಕದು. ಆದ್ದರಿಂದ ಸರಿಯಾದ ಹೆಸರು 2,8,9-ಟ್ರೈಮೀಥೈಲ್‌ಅನ್‌ಡೆಕೇನ್. "ಮೊತ್ತ ಕಡಿಮೆ ಇದೆಯಲ್ಲ ಸಾರ್?" ಎಂದು ಕೇಳುವ ವಿದ್ಯಾರ್ಥಿಗೆ ನಾನು ನಿಘಂಟನ್ನು ನೆನಪಿಸುತ್ತೇನೆ. ಎರಡು ಪದಗಳಲ್ಲಿ ಯಾವುದು ಮೊದಲು ಎಂದು ನೋಡುವಾಗ ನಾವು ಅಕ್ಷರಗಳನ್ನು ಒಟ್ಟು ತೂಗುವುದಿಲ್ಲ, ಮೊದಲು ಬೇರೆಯಾದ ಅಕ್ಷರದಲ್ಲಿಯೇ ತೀರ್ಪು ಮುಗಿಯುತ್ತದೆ. ಸ್ಥಾನಸಂಖ್ಯೆಗಳ ಹೋಲಿಕೆಯೂ ಹಾಗೆಯೇ.

ಸಂಖ್ಯೆ ಮರುಕಳಿಸುವ ಕಡೆಯೂ ಇದೇ ಕ್ರಮ. ಪೆಟ್ರೋಲಿನ ಆಕ್ಟೇನ್ ಸಂಖ್ಯೆಯನ್ನು ಅಳೆಯುವಾಗ 100 ಎಂಬ ಬೆಲೆ ಪಡೆದಿರುವ ಐಸೋಆಕ್ಟೇನ್‌ನ ಸರಪಳಿಯಲ್ಲಿ ಐದೇ ಕಾರ್ಬನ್‌ಗಳಿವೆ, ಮೂರು ಮೀಥೈಲ್‌ಗಳು ಒಂದು ಕಡೆಯಿಂದ 2, 2, 4 ಎಂದೂ ಇನ್ನೊಂದು ಕಡೆಯಿಂದ 2, 4, 4 ಎಂದೂ ಬೀಳುತ್ತವೆ. ಎರಡನೆಯ ಸ್ಥಾನದಲ್ಲಿ 2 ಗೆಲ್ಲುವುದರಿಂದ ಅದು 2,2,4-ಟ್ರೈಮೀಥೈಲ್‌ಪೆಂಟೇನ್.

ಮೂರನೆಯ ಹಂತ: ಅಕ್ಷರಕ್ರಮದ ಎರಡು ಕೆಲಸಗಳು

ಅಕ್ಷರಕ್ರಮಕ್ಕೆ ಎರಡು ಬೇರೆ ಬೇರೆ ಕೆಲಸಗಳಿವೆ, ಅವುಗಳನ್ನು ಕಲಸಿಕೊಳ್ಳುವುದರಿಂದಲೇ ಅರ್ಧಕ್ಕೂ ಹೆಚ್ಚು ಗೊಂದಲ ಹುಟ್ಟುತ್ತದೆ. ಒಂದು ಕೆಲಸವೆಂದರೆ ಹೆಸರಿನಲ್ಲಿ ಗುಂಪುಗಳನ್ನು ಯಾವುದರ ನಂತರ ಯಾವುದು ಎಂದು ಜೋಡಿಸುವುದು. ಇದು ಪ್ರತಿ ಹೆಸರಿನಲ್ಲೂ ನಡೆಯುತ್ತದೆ. ಇನ್ನೊಂದು ಕೆಲಸ ಅಪರೂಪದ್ದು: ಎರಡೂ ತುದಿಗಳಿಂದ ಸಂಖ್ಯೆಗಳ ಸಾಲು ಸಂಪೂರ್ಣವಾಗಿ ಒಂದೇ ಆಗಿ ಬಂದಾಗ ಮಾತ್ರ, ಅಕ್ಷರಕ್ರಮದಲ್ಲಿ ಮೊದಲು ಬರುವ ಗುಂಪಿಗೆ ಚಿಕ್ಕ ಸಂಖ್ಯೆಯನ್ನು ಕೊಡುವುದು. ಸಂಖ್ಯೆಗಳಿಂದಲೇ ತೀರ್ಮಾನವಾಗಿದ್ದರೆ ಈ ಎರಡನೆಯ ಕೆಲಸಕ್ಕೆ ಅವಕಾಶವೇ ಇಲ್ಲ.

ಎರಡನ್ನೂ ಬೇರ್ಪಡಿಸಿ ತೋರಿಸಲು ಎರಡು ಅಣುಗಳನ್ನು ಹೋಲಿಸೋಣ:

```
CH3-CH(CH3)-CH2-CH2-CH(CH2CH3)-CH2-CH3
CH3-CH2-CH2-CH(CH3)-CH2-CH(CH2CH2CH3)-CH2-CH2-CH3
```

ಮೊದಲನೆಯದು ಹೆಪ್ಟೇನ್. ಎಡದಿಂದ 2, 5 ಮತ್ತು ಬಲದಿಂದ 3, 6. ಸಂಖ್ಯೆಗಳೇ ಎಡತುದಿಯನ್ನು ಆರಿಸಿವೆ, ಆದ್ದರಿಂದ ಮೀಥೈಲ್‌ಗೆ 2, ಈಥೈಲ್‌ಗೆ 5. ಬರೆಯುವಾಗ ಈಥೈಲ್ ಮೊದಲು ಬರುವುದರಿಂದ ಹೆಸರು 5-ಈಥೈಲ್-2-ಮೀಥೈಲ್‌ಹೆಪ್ಟೇನ್. ಹೆಸರಿನಲ್ಲಿ 5 ಮೊದಲು, 2 ನಂತರ ಕಾಣುವುದು ವಿದ್ಯಾರ್ಥಿಗಳಿಗೆ ಇರುಸುಮುರುಸು ತರುತ್ತದೆ, ಸಂಖ್ಯೆಗಳು ಏರುತ್ತಾ ಹೋಗಬೇಕೆಂದು ಭಾವಿಸಿ ಹೆಸರನ್ನು ತಿರುಗಿಸಿ ಬರೆಯುತ್ತಾರೆ. ಹಾಗೆ ಮಾಡಬಾರದು. ಹೆಸರಿನೊಳಗೆ ಸಂಖ್ಯೆಗಳು ಏರಬೇಕೆಂಬ ನಿಯಮ ಒಂದೇ ಬಗೆಯ ಗುಂಪುಗಳ ನಡುವೆ ಮಾತ್ರ ಇದೆ.

ಎರಡನೆಯದು ನೋನೇನ್. ಎಡದಿಂದಲೂ 4, 6, ಬಲದಿಂದಲೂ 4, 6. ಈಗ ಮಾತ್ರ ಅಕ್ಷರಕ್ರಮ ಎಣಿಕೆಯೊಳಗೆ ಬರುತ್ತದೆ. ಮೀಥೈಲ್ ಮತ್ತು ಪ್ರೊಪೈಲ್‌ಗಳಲ್ಲಿ ಮೊದಲು ಬರುವುದು ಯಾವುದು? ಕನ್ನಡ ವರ್ಣಮಾಲೆಯ ಪ್ರಕಾರ ಪ್ರೊಪೈಲ್. ಆದರೆ ಈ ಹೆಸರಿಡುವ ಪದ್ಧತಿಯನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಪಿಎಸಿ ತನ್ನ ನಿಯಮಗಳಲ್ಲಿ ಹೇಳುವ ಅಕ್ಷರಕ್ರಮ ಇಂಗ್ಲಿಷಿನ ಅಕ್ಷರಗಳದು. ಅದರಲ್ಲಿ ಎಂ ಮೊದಲು, ಪಿ ನಂತರ. ಆದ್ದರಿಂದ ಮೀಥೈಲ್‌ಗೆ 4 ಸಲ್ಲುತ್ತದೆ, ಹೆಸರು 4-ಮೀಥೈಲ್-6-ಪ್ರೊಪೈಲ್‌ನೋನೇನ್. ವರ್ಣಮಾಲೆಯನ್ನು ಹಿಡಿದ ವಿದ್ಯಾರ್ಥಿ ಇಲ್ಲಿ ಜೋಡಣೆಯನ್ನಷ್ಟೇ ಅಲ್ಲ, ಎಣಿಕೆಯನ್ನೂ ತಪ್ಪುತ್ತಾನೆ.

ಈ ವ್ಯತ್ಯಾಸ ಎಲ್ಲ ಜೋಡಿಗಳಲ್ಲೂ ಕಾಣುವುದಿಲ್ಲ, ಅದರಿಂದಲೇ ಅದು ಬೇಗ ಪತ್ತೆಯಾಗುವುದೂ ಇಲ್ಲ. ಈಥೈಲ್ ಮತ್ತು ಮೀಥೈಲ್‌ಗಳ ಮಟ್ಟಿಗೆ ಎರಡೂ ಭಾಷೆಗಳ ಕ್ರಮ ಒಂದೇ, ಸಾಮಾನ್ಯ ಅಭ್ಯಾಸಗಳಲ್ಲಿ ಹೆಚ್ಚಾಗಿ ಬರುವುದೂ ಅದೇ ಜೋಡಿ. ನಾಲ್ಕು ಸಾಮಾನ್ಯ ಗುಂಪುಗಳನ್ನು ಕನ್ನಡದ ಕ್ರಮದಲ್ಲಿಟ್ಟರೆ ಈಥೈಲ್, ಪ್ರೊಪೈಲ್, ಬ್ಯುಟೈಲ್, ಮೀಥೈಲ್ ಎಂದಾಗುತ್ತದೆ. ಇಂಗ್ಲಿಷಿನ ಕ್ರಮದಲ್ಲಿ ಬ್ಯುಟೈಲ್, ಈಥೈಲ್, ಮೀಥೈಲ್, ಪ್ರೊಪೈಲ್. ಎರಡನೆಯ ಪಟ್ಟಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ ಸಾಕು. ಮುಂದೆ ಹ್ಯಾಲೋಜನ್‌ಗಳು ಸೇರಿದಾಗಲೂ ಇದೇ ಎಚ್ಚರ ಬೇಕು, ಕನ್ನಡದಲ್ಲಿ ಕ್ಲೋರೋ ಮೊದಲು ಬಂದರೆ ಇಂಗ್ಲಿಷಿನಲ್ಲಿ ಬ್ರೋಮೋ ಮೊದಲು ಬರುತ್ತದೆ.

ಡೈ, ಟ್ರೈಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಒಂದೇ ಗುಂಪು ಎರಡು, ಮೂರು, ನಾಲ್ಕು ಬಾರಿ ಬಂದರೆ ಡೈ, ಟ್ರೈ, ಟೆಟ್ರಾ ಎಂಬ ಪೂರ್ವಪದಗಳನ್ನು ಸೇರಿಸುತ್ತೇವೆ. ಅಕ್ಷರಕ್ರಮ ನೋಡುವಾಗ ಇವು ಇಲ್ಲವೆಂದೇ ಭಾವಿಸಬೇಕು. ಡೈಮೀಥೈಲ್ ಎಂಬುದನ್ನು ಎಂ ಅಕ್ಷರದಡಿಯೇ ಇಡಬೇಕು, ಅದು ಈಥೈಲ್‌ನ ನಂತರವೇ ಬರುತ್ತದೆ. ಮೊದಲು ಗುಂಪುಗಳನ್ನು ಬರಿಯ ಹೆಸರಿನಿಂದ ಜೋಡಿಸಿ, ಜೋಡಣೆ ಮುಗಿದ ಮೇಲೆ ಡೈ, ಟ್ರೈಗಳನ್ನು ಅಂಟಿಸುವ ರೂಢಿ ಮಾಡಿಕೊಂಡರೆ ಈ ತಪ್ಪು ಆಗುವುದೇ ಇಲ್ಲ.

ಇದಕ್ಕೆ ಒಂದು ಹೊರತು ಇದೆ, ಅದನ್ನು ಕಾರಣಸಹಿತ ತಿಳಿದಿರಬೇಕು. ಕವಲಿಗೇ ಕವಲಿದ್ದು, ಯಾವ ಸರಪಳಿಯನ್ನು ಆರಿಸಿದರೂ ಅದನ್ನು ತಪ್ಪಿಸಲಾಗದಿದ್ದಾಗ, ಆ ಗುಂಪಿನ ಪೂರ್ಣ ಹೆಸರನ್ನು ಆವರಣದಲ್ಲಿ ಬರೆಯುತ್ತೇವೆ, ಅದರೊಳಗಿನ ಎಣಿಕೆ ಮುಖ್ಯ ಸರಪಳಿಗೆ ಅಂಟಿರುವ ಕಾರ್ಬನ್ನಿನಿಂದ ಶುರುವಾಗುತ್ತದೆ. ಆವರಣದೊಳಗಿನ ಡೈ ಎಂಬುದು ಆ ಗುಂಪಿನ ಹೆಸರಿನದೇ ಅಂಗ, ಅದು ಅಂಥ ಗುಂಪುಗಳು ಎಷ್ಟಿವೆ ಎಂಬುದನ್ನು ಹೇಳುತ್ತಿಲ್ಲ. ಆದ್ದರಿಂದ ಅದರ ಡಿ ಅಕ್ಷರ ಲೆಕ್ಕಕ್ಕೆ ಬರುತ್ತದೆ. 5-(1,2-ಡೈಮೀಥೈಲ್‌ಪ್ರೊಪೈಲ್)-4-ಈಥೈಲ್‌ನೋನೇನ್ ಎಂಬ ಹೆಸರಿನಲ್ಲಿ ಆವರಣದ ಗುಂಪು ಈಥೈಲ್‌ಗಿಂತ ಮೊದಲು ನಿಂತಿರುವುದು ಈ ಕಾರಣದಿಂದ.

ಐಸೋಪ್ರೊಪೈಲ್ ಎಂಬ ಹಳೆಯ ಹೆಸರನ್ನು ಬಳಸಿದರೆ ಅದನ್ನು ಐ ಅಕ್ಷರದಡಿ ಇಡಬೇಕು. ಟರ್ಷಿಯರಿ ಬ್ಯುಟೈಲ್, ಸೆಕೆಂಡರಿ ಬ್ಯುಟೈಲ್‌ಗಳಲ್ಲಿ ಮುಂದಿರುವ ಪದವನ್ನು ಬಿಟ್ಟು ಬಿ ಅಕ್ಷರವನ್ನು ನೋಡಬೇಕು.

ನಮ್ಮ ಅಣುವಿಗೆ ಹೆಸರು

ಈಗ ಮೊದಲ ಚಿತ್ರಕ್ಕೆ ಮರಳೋಣ. ಸರಪಳಿ ನೋನೇನ್, ಎಣಿಕೆ ಎಡತುದಿಯಿಂದ. 2ನೆಯದರ ಮೇಲೆ ಮೀಥೈಲ್, 4ನೆಯದರ ಮೇಲೆ ಈಥೈಲ್, 5ನೆಯದರ ಮೇಲೆ ಬ್ಯುಟೈಲ್, 8ನೆಯದರ ಮೇಲೆ ಮತ್ತೊಂದು ಮೀಥೈಲ್. ಬರಿಯ ಹೆಸರುಗಳನ್ನು ಇಂಗ್ಲಿಷಿನ ಕ್ರಮದಲ್ಲಿಟ್ಟರೆ ಬ್ಯುಟೈಲ್, ಈಥೈಲ್, ಮೀಥೈಲ್. ಮೀಥೈಲ್ ಎರಡಿರುವುದರಿಂದ ಅದಕ್ಕೆ ಡೈ ಸೇರಿಸಿ, ಅದರ ಎರಡೂ ಸಂಖ್ಯೆಗಳನ್ನು ಬರೆಯಬೇಕು. ಸಂಖ್ಯೆಗಳ ನಡುವೆ ಅಲ್ಪವಿರಾಮ, ಸಂಖ್ಯೆಗೂ ಪದಕ್ಕೂ ನಡುವೆ ಅಡ್ಡಗೆರೆ, ಕೊನೆಯ ಗುಂಪಿಗೂ ಸರಪಳಿಯ ಹೆಸರಿಗೂ ನಡುವೆ ಏನೂ ಇಲ್ಲ. ಹೆಸರು ಹೀಗಾಗುತ್ತದೆ: 5-ಬ್ಯುಟೈಲ್-4-ಈಥೈಲ್-2,8-ಡೈಮೀಥೈಲ್‌ನೋನೇನ್. ಉತ್ತರ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವವರು ಹೀಗೆ ಬರೆಯಬೇಕು:

```
5-butyl-4-ethyl-2,8-dimethylnonane
```

ನೀವು ಮೊದಲೇ ಬರೆದಿಟ್ಟುಕೊಂಡ ಹೆಸರು ಇದಕ್ಕಿಂತ ಬೇರೆಯಾಗಿದ್ದರೆ, ತಪ್ಪು ಯಾವ ಹಂತದ್ದು ಎಂಬುದನ್ನು ಆ ಹೆಸರೇ ತೋರಿಸುತ್ತದೆ. 4-ಈಥೈಲ್-2-ಮೀಥೈಲ್-5-(3-ಮೀಥೈಲ್‌ಬ್ಯುಟೈಲ್)ನೋನೇನ್ ಎಂದಿದ್ದರೆ ನೀವು ಚಿತ್ರದ ನೇರ ಸಾಲನ್ನು ನಂಬಿದ್ದೀರಿ, ಕವಲುಗಳನ್ನು ಎಣಿಸಿ ಹೋಲಿಸಲಿಲ್ಲ. 5-ಬ್ಯುಟೈಲ್-6-ಈಥೈಲ್ ಎಂದು ಶುರುವಾಗಿದ್ದರೆ ಎಣಿಕೆ ಕೆಳಗಿನ ತುದಿಯಿಂದ ಆಗಿದೆ, ಎರಡೂ ಕಡೆ 2 ಬಂದುದನ್ನು ಕಂಡು ಅಲ್ಲಿಯೇ ಹೋಲಿಕೆಯನ್ನು ನಿಲ್ಲಿಸಿದ್ದೀರಿ. ಈಥೈಲ್ ಮೊದಲು, ಬ್ಯುಟೈಲ್ ನಂತರ ಇದ್ದರೆ ಕನ್ನಡದ ವರ್ಣಮಾಲೆ ಕೆಲಸ ಮಾಡಿದೆ. ಡೈಮೀಥೈಲ್ ಎಂಬುದು ಈಥೈಲ್‌ಗಿಂತ ಮುಂದಿದ್ದರೆ ಡೈಯನ್ನು ಲೆಕ್ಕಕ್ಕೆ ಹಿಡಿದಿದ್ದೀರಿ.

ಹೆಸರು ಬರೆದ ಮೇಲೆ ಅದನ್ನು ಪರೀಕ್ಷಿಸಲು ಎರಡು ಕೆಲಸಗಳನ್ನು ಮಾಡಿ. ಮೊದಲನೆಯದು ಕಾರ್ಬನ್‌ಗಳ ಲೆಕ್ಕ: ಬ್ಯುಟೈಲ್‌ನ 4, ಈಥೈಲ್‌ನ 2, ಎರಡು ಮೀಥೈಲ್‌ಗಳ 2, ನೋನೇನ್‌ನ 9, ಒಟ್ಟು 17, ಚಿತ್ರದಲ್ಲಿರುವುದೂ 17. ಈ ಲೆಕ್ಕ ತಾಳೆಯಾಗದಿದ್ದರೆ ಯಾವುದೋ ಕವಲು ಬಿಟ್ಟುಹೋಗಿದೆ ಅಥವಾ ಎರಡು ಬಾರಿ ಎಣಿಕೆಯಾಗಿದೆ. ಆದರೆ ಲೆಕ್ಕ ತಾಳೆಯಾದ ಮಾತ್ರಕ್ಕೆ ಹೆಸರು ಸರಿಯೆಂದಾಗುವುದಿಲ್ಲ, ಮೇಲೆ ಹೇಳಿದ ನಾಲ್ಕೂ ತಪ್ಪು ಹೆಸರುಗಳಲ್ಲಿ ಕಾರ್ಬನ್‌ಗಳು 17ಕ್ಕೇ ಬರುತ್ತವೆ. ಆದುದರಿಂದ ಎರಡನೆಯ ಕೆಲಸವೂ ಬೇಕು. ಚಿತ್ರವನ್ನು ಮುಚ್ಚಿಟ್ಟು, ಹೆಸರನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾ, ಒಂಬತ್ತು ಕಾರ್ಬನ್‌ಗಳ ನೇರ ಸಾಲನ್ನು ಬರೆದು, ಅದರ ಮೇಲೆ ಗುಂಪುಗಳನ್ನು ಕೂರಿಸಿ. ಬಾಗಿಸಿ ಬರೆದಿದ್ದ ಸರಪಳಿ ಈಗ ನೇರವಾಗಿ ನಿಂತಿರುವುದರಿಂದ, ಎರಡು ತುದಿಗಳಿಂದ ಸ್ಥಾನಗಳನ್ನು ಮತ್ತೊಮ್ಮೆ ಎಣಿಸಿ ಹೋಲಿಸುವುದು ಸುಲಭ. 5ನೆಯದರ ಮೇಲಿನ ಬ್ಯುಟೈಲ್ ಪಕ್ಕದ ನಾಲ್ಕು ಕಾರ್ಬನ್‌ಗಳಷ್ಟೇ ಉದ್ದವಿರುವುದನ್ನು ಕಂಡಾಗ, ಇಲ್ಲಿ ಸಮಬಲದ ಸರಪಳಿಗಳಿವೆ, ಅವುಗಳ ಕವಲುಗಳನ್ನು ಎಣಿಸಿ ನೋಡಿದೆನೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.